‘ಹೊಲೆ’ ಎಂಬ ಮಾತಿಗೆ ಅಡಿಟಿಪ್ಪಣಿ ಬರೆಯುವುದು: ಹಳೆಯ ಪದ, ವಚನಗಳನ್ನು ಮರುಮುದ್ರಿಸುವವರಿಗೆ

ಪರಿಚಯದ ಭಜನಾ ಮಂಡಳಿಯೊಂದು ತನ್ನ ಹಳೆಯ ಹಾಡಿನ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲು ಹೊರಟಾಗ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ದಾಸರ ಪದಗಳು, ಅರ್ಧ ವಚನಗಳು. ಮೂರನೆಯ ಪುಟದಲ್ಲೇ ಎಡವಿದೆ. ‘ಹೊಲೆಯ ಹೊರಗಿಹನೆ ಊರೊಳಗಿಲ್ಲವೆ’ ಎಂಬ ಪುರಂದರದಾಸರ ಪದ ಅಲ್ಲಿ ‘ಅಧಮ ಹೊರಗಿಹನೆ’ ಎಂದಾಗಿತ್ತು. ಯಾರು ಬದಲಿಸಿದ್ದು ಎಂದು ಕೇಳಿದರೆ, ಅಕ್ಷರ ಜೋಡಿಸಿದವರು ಹಾಡುವವರ ಕಡೆ ಕೈ ತೋರಿಸಿದರು. ಹಾಡುವವರು, ‘ಈಗಿನ ಕಾಲದಲ್ಲಿ ಹಾಗೆಲ್ಲ ಅನ್ನಬಾರದಲ್ಲವೆ’ ಎಂದರು. ಅವರ ಸಂಕೋಚ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬೇಕಿಲ್ಲ. ಮದ್ದು ಮಾತ್ರ ತಪ್ಪಾಗಿತ್ತು.

ಆ ಒಂದು ಬದಲಾವಣೆ ಏನೇನು ಕೆಡಿಸಿತು ನೋಡಿ. ಪಲ್ಲವಿ ಕೇಳುವುದು ಊರ ಹೊರಗಿನ ಕೇರಿಯ ಬಗ್ಗೆ. ಹೊಲೆಯ ಹೊರಗಿದ್ದಾನೆ ಎನ್ನುತ್ತೀರಲ್ಲ, ಊರ ಒಳಗೇ ಇಲ್ಲವೆ ಎಂಬುದು ಪ್ರಶ್ನೆ. ಅಧಮನಿಗೆ ಯಾವ ಊರಿನಲ್ಲೂ ಬೇರೆ ಕೇರಿ ಕಟ್ಟಿಕೊಟ್ಟಿಲ್ಲ, ಆದ್ದರಿಂದ ‘ಅಧಮ ಹೊರಗಿಹನೆ’ ಎಂಬ ಸಾಲಿಗೆ ಅರ್ಥವೇ ಇಲ್ಲ. ಪ್ರಾಸವೂ ಹೋಯಿತು. ಮುಂದಿನ ಸಾಲು ‘ಸಲೆ ಶಾಸ್ತ್ರವನು’ ಎಂದು ಶುರುವಾಗುತ್ತದೆ. ‘ಹೊಲೆ’, ‘ಸಲೆ’ಗಳ ಎರಡನೆಯ ಅಕ್ಷರದಲ್ಲಿ ಕೂತಿದ್ದ ಲಕಾರ ಪದವನ್ನು ಬಾಯಲ್ಲಿ ಉಳಿಸಿದ್ದು. ಹಳೆಯ ಪದಗಳಲ್ಲಿ ಪದ ಬದಲಾಗಿದೆಯೇ ಎಂದು ಪತ್ತೆ ಮಾಡಲು ಇದೇ ಸುಲಭದ ಉಪಾಯ: ಎಲ್ಲಿ ಎರಡನೆಯ ಅಕ್ಷರದ ಪ್ರಾಸ ಇದ್ದಕ್ಕಿದ್ದಂತೆ ಮುರಿದಿದೆಯೋ ಅಲ್ಲಿ ಯಾರೋ ಕೈಯಾಡಿಸಿದ್ದಾರೆ ಎಂದು ಅನುಮಾನಪಡಿ.

ಈ ಲೇಖನದಲ್ಲಿ ನಾನು ಹತ್ತಾರು ಪದಗಳ ಪಟ್ಟಿ ಕೊಡುವುದಿಲ್ಲ. ‘ಹೊಲೆ’ ಎಂಬ ಒಂದೇ ಮಾತಿನ ಬೆನ್ನು ಹತ್ತುತ್ತೇನೆ. ಕನ್ನಡದಲ್ಲಿ ಜಾತಿಯ ಗುರುತು, ಹೆಣ್ಣಿನ ಮೈಯ ಗುರುತು ಎರಡನ್ನೂ ಹೊತ್ತ ಮಾತು ಅದು. ಅದನ್ನು ಸರಿಯಾಗಿ ನಿಭಾಯಿಸಿದವರಿಗೆ ಉಳಿದವು ಕಷ್ಟವಾಗುವುದಿಲ್ಲ.

ಮೊದಲು ಮೂಲಪಾಠ ನಿರ್ಧರಿಸಿ

ಟಿಪ್ಪಣಿಗೆ ಮೊದಲು ಪಾಠ. ದಾಸರ ಪದಗಳು ಬಾಯಿಂದ ಬಾಯಿಗೆ ಬಂದವು. ಹರ್ಮನ್ ಮೋಗ್ಲಿಂಗ್ ಅವುಗಳನ್ನು ಮಂಗಳೂರಿನಲ್ಲಿ ಅಚ್ಚಿಗೆ ಇಳಿಸಿದ್ದು 1850ರಲ್ಲಿ. ಹದಿನಾರನೆಯ ಶತಮಾನದ ಪದ ಕಾಗದಕ್ಕೆ ಸಿಕ್ಕುವ ಹೊತ್ತಿಗೆ ಎಷ್ಟು ಕಂಠಗಳನ್ನು ದಾಟಿತ್ತೋ. ವಚನಗಳಿಗೆ ಫ. ಗು. ಹಳಕಟ್ಟಿಯವರ 1923ರ ಅಚ್ಚಿನಿಂದ ಹಿಡಿದು, ಕರ್ನಾಟಕ ಸರ್ಕಾರ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ತಂದ ಸಮಗ್ರ ವಚನ ಸಂಪುಟದವರೆಗೆ ಗಟ್ಟಿ ಆಕರಗಳಿವೆ. ಕನಿಷ್ಠ ಎರಡು ಅಚ್ಚುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿ, ಒಂದನ್ನು ಮೂಲಪಾಠವೆಂದು ಆರಿಸಿ, ಅದು ಯಾವುದು ಎಂಬುದನ್ನು ಮುನ್ನುಡಿಯಲ್ಲಿ ಒಂದು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಅದರ ಒಂದಕ್ಷರವನ್ನೂ ಮುಟ್ಟಬೇಡಿ. ‘ಹೊ...ಯ’ ಎಂದು ಚುಕ್ಕಿ ಇಡುವುದೂ ಮುಟ್ಟಿದಂತೆಯೇ. ಚುಕ್ಕಿ ಇಟ್ಟ ಪದ ಬೈಗುಳದಂತೆ ಕಾಣುತ್ತದೆ, ಅದನ್ನು ತಮ್ಮ ಸಮುದಾಯದ ಹೆಸರಾಗಿ ಹೇಳಿಕೊಳ್ಳುವವರಿಗೆ ಅದು ಇನ್ನೊಂದು ಅವಮಾನ.

ಪಾಠ ತಿದ್ದುವುದು ಬರಿಯ ವಿದ್ವಾಂಸರ ಜಗಳವಲ್ಲ ಎಂಬುದಕ್ಕೆ ಒಂದು ನಿದರ್ಶನ ಇದೆ. ಬಸವಣ್ಣನವರ ವಚನಗಳ ಅಂಕಿತವನ್ನು ‘ಕೂಡಲಸಂಗಮದೇವ’ ಎಂಬುದರಿಂದ ‘ಲಿಂಗದೇವ’ ಎಂದು ಬದಲಿಸಿದ ಒಂದು ಸಂಕಲನವನ್ನು ಕರ್ನಾಟಕ ಸರ್ಕಾರ 1998ರಲ್ಲಿ ನಿಷೇಧಿಸಿತು; 2017ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ಬದಲಿಸಿದವರ ಉದ್ದೇಶ ಏನೇ ಇರಲಿ, ಓದುವವರು ಪದ್ಯದ ಒಂದೊಂದು ಪದವನ್ನೂ ತಮ್ಮದೆಂದು ಕಾಯುತ್ತಾರೆ.

ಮಾತು ಆ ಸಾಲಿನಲ್ಲಿ ಯಾವ ಕೆಲಸ ಮಾಡುತ್ತಿದೆ?

ಮೂಲಪಾಠ ನಿರ್ಧಾರವಾದ ಮೇಲೆ ಪೆನ್ಸಿಲ್ ಹಿಡಿದು ಗುರುತಿನ ಪದಗಳಿಗೆಲ್ಲ ಅಡಿಗೆರೆ ಎಳೆಯಿರಿ. ಟಿಪ್ಪಣಿ ಬರೆಯಲು ಆತುರ ಬೇಡ. ಪ್ರತಿ ಅಡಿಗೆರೆಯ ಪಕ್ಕ ಮೊದಲು ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಇದನ್ನು ಯಾರು, ಯಾರ ಬಗ್ಗೆ, ಯಾಕೆ ಹೇಳುತ್ತಿದ್ದಾರೆ? ಒಂದೇ ಪದ ಬೇರೆ ಬೇರೆ ಸಾಲಿನಲ್ಲಿ ಬೇರೆ ಬೇರೆ ಕೆಲಸ ಮಾಡುತ್ತದೆ. ಪುಸ್ತಕದ ಕೊನೆಯಲ್ಲಿ ‘ಹೊಲೆಯ: ಒಂದು ಜಾತಿ’ ಎಂಬ ಒಂದು ಸಾಲಿನ ಅರ್ಥಕೋಶ ಕೊಟ್ಟರೆ ಸಾಲದೆಂದು ನಾನು ಹೇಳುವುದು ಇದಕ್ಕೇ.

ಮೇಲಿನ ಪದವನ್ನೇ ತೆಗೆದುಕೊಳ್ಳಿ. ಪಲ್ಲವಿಯ ನಂತರದ ನುಡಿಗಳಲ್ಲಿ ಪಟ್ಟಿ ಬೆಳೆಯುತ್ತದೆ: ಶೀಲ ಪಾಲಿಸದವನು ಹೊಲೆಯ, ಹರಿಕಥೆ ಕೇಳದವನು ಹೊಲೆಯ, ಹೀಗೆ. ಹುಟ್ಟಿನಿಂದ ಯಾರೂ ಹೊಲೆಯನಲ್ಲ, ನಡತೆಯಿಂದ ಆಗುತ್ತಾನೆ ಎಂಬುದು ವಾದ. ಊರೊಳಗಿನ ಮಡಿವಂತರಿಗೆ ಅದು ಚಾಟಿ. ಆದರೆ ಚಾಟಿಯನ್ನು ಹೆಣೆದದ್ದು ಕೇರಿಯವರ ಹೆಸರಿನಿಂದ. ಕೆಟ್ಟವನಿಗೆಲ್ಲ ಹೊಲೆಯ ಎಂಬ ಹೆಸರಿಟ್ಟರೆ, ಹೊಲೆಯ ಎಂದರೆ ಕೆಟ್ಟವನು ಎಂಬ ಮಾತು ಅಲ್ಲಾಡದೆ ನಿಲ್ಲುತ್ತದೆ. ಬಸವಣ್ಣನವರ ‘ಕೊಲ್ಲುವವನೆ ಮಾದಿಗ, ಹೊಲಸು ತಿಂಬುವವನೆ ಹೊಲೆಯ’ ಎಂಬ ವಚನದಲ್ಲೂ ಇದೇ ಇಬ್ಬಂದಿ ಇದೆ. ‘ಕುಲವೇನೊ’ ಎಂದು ಕೇಳಿ ಕುಲವನ್ನು ಉರುಳಿಸುವ ಆ ವಚನ, ಉರುಳಿಸುವ ಮೊದಲು ಎರಡು ಕುಲಗಳ ಹೆಸರನ್ನು ಕೆಟ್ಟ ನಡತೆಗೆ ಅಂಟಿಸುತ್ತದೆ. ಟಿಪ್ಪಣಿಕಾರರು ಸಾಮಾನ್ಯವಾಗಿ ಇದರ ಮೊದಲ ಅರ್ಧವನ್ನು ಮಾತ್ರ ಹೇಳಿ, ‘ಇದು ಜಾತಿವಿರೋಧಿ ಪದ’ ಎಂದು ಕೈ ತೊಳೆದುಕೊಳ್ಳುತ್ತಾರೆ. ಎರಡನೆಯ ಅರ್ಧವನ್ನೂ ಹೇಳಿದರೆ ದಾಸರಿಗೋ ಶರಣರಿಗೋ ಅವಮಾನವಾಗುವುದಿಲ್ಲ. ಅವರು ಬಳಸಿದ್ದು ತಮ್ಮ ಕಾಲದ ಕೈಗೆ ಸಿಕ್ಕ ಮಾತನ್ನು.

ಟಿಪ್ಪಣಿಯನ್ನು ಮೂರು ಸಲ ಬರೆಯುವುದು

ನಾನು ಮೊದಲು ಬರೆದದ್ದು ಹೀಗಿತ್ತು: ‘ಹೊಲೆಯ: ಹೀನ, ನೀಚ. ಇಲ್ಲಿ ಜಾತಿಸೂಚಕವಲ್ಲ.’ ಇದು ಸುಳ್ಳು. ಜಾತಿಸೂಚಕವಲ್ಲದಿದ್ದರೆ ‘ಹೊರಗಿಹನೆ’ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅಲ್ಲದೆ ‘ಹೀನ, ನೀಚ’ ಎಂಬ ಅರ್ಥವನ್ನು ಈಗ ನನ್ನದೇ ದನಿಯಲ್ಲಿ, ನನ್ನದೇ ಅಚ್ಚಿನಲ್ಲಿ ಆ ಹೆಸರಿನ ಎದುರು ಬರೆದಿದ್ದೆ. ಪದ್ಯದಲ್ಲಿ ಇದ್ದದ್ದಕ್ಕಿಂತ ಕೆಟ್ಟ ಸಾಲು ಟಿಪ್ಪಣಿಯಲ್ಲಿ ಹುಟ್ಟಿಕೊಂಡಿತ್ತು.

ಎರಡನೆಯ ಸಲ ಅತ್ತ ಕಡೆ ಜಾರಿದೆ. ಅಸ್ಪೃಶ್ಯತೆಯ ಇತಿಹಾಸ, ದಾಸರ ಉದಾರತೆ, ನಮ್ಮ ಖೇದ ಎಲ್ಲ ಸೇರಿ ಹದಿನಾಲ್ಕು ಸಾಲು. ಪುಟದಲ್ಲಿ ಪದಕ್ಕಿಂತ ಟಿಪ್ಪಣಿಯೇ ದಪ್ಪ. ಅಷ್ಟುದ್ದದ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ, ಓದಿದವರಿಗೆ ಉಳಿಯುವುದು ಸಂಪಾದಕನ ಖೇದ ಮಾತ್ರ.

ಮೂರನೆಯದು: ‘ಹೊಲೆಯ: ಕರ್ನಾಟಕದ ಒಂದು ಸಮುದಾಯದ ಹೆಸರು. ಅಸ್ಪೃಶ್ಯತೆಯ ಆಚರಣೆಯಲ್ಲಿ ಈ ಸಮುದಾಯದವರ ಕೇರಿಯನ್ನು ಊರ ಹೊರಗೆ ಇಡಲಾಗಿತ್ತು; ಹೊರಗಿಹನೆ ಎಂಬ ಪ್ರಶ್ನೆ ಅದನ್ನು ಕುರಿತದ್ದು. ಮನುಷ್ಯನನ್ನು ಹುಟ್ಟಿನಿಂದಲ್ಲ, ನಡತೆಯಿಂದ ಅಳೆಯಬೇಕೆಂದು ಪದ ವಾದಿಸುತ್ತದೆ. ಆದರೆ ಕೆಟ್ಟ ನಡತೆಗೆ ಹೆಸರಾಗಿ ಇದೇ ಸಮುದಾಯದ ಹೆಸರನ್ನು ಬಳಸುತ್ತದೆ.’

ಮೂವತ್ತೈದು ಪದಗಳ ಆಸುಪಾಸು. ಮೊದಲು ಪದ ಏನು, ಆಮೇಲೆ ಸಾಲಿನಲ್ಲಿ ಅದರ ಕೆಲಸ ಏನು, ಕೊನೆಗೆ ಅದರಲ್ಲಿ ಉಳಿಯುವ ಮುಳ್ಳು ಯಾವುದು. ನಲವತ್ತು ಪದ ದಾಟಿದರೆ ಎರಡು ವಿಷಯಗಳನ್ನು ಒಂದೇ ಟಿಪ್ಪಣಿಗೆ ತುರುಕುತ್ತಿದ್ದೀರಿ ಎಂದೇ ಅರ್ಥ. ಉಳಿದದ್ದನ್ನು ಮುನ್ನುಡಿಗೆ ಒಯ್ಯಿರಿ.

ವ್ಯುತ್ಪತ್ತಿಯ ಆಸೆ ಇದ್ದರೆ ಜೋಪಾನ. ಹೊಲೆಯ ಎಂಬುದು ‘ಹೊಲ’ದಿಂದ ಬಂತು, ಹೊಲದ ಒಡೆಯ ಎಂದು ಸಮುದಾಯದ ಹಲವರು ಹೇಳಿಕೊಳ್ಳುತ್ತಾರೆ. ನಿಘಂಟುಗಳು ಅದನ್ನು ಮೈಲಿಗೆ ಎಂಬ ಅರ್ಥದ ‘ಹೊಲೆ’ಯ ಜೊತೆಗೆ, ತಮಿಳಿನ ‘ಪುಲೈ’, ಮಲಯಾಳದ ‘ಪುಲ’ಗಳ ಸಾಲಿನಲ್ಲಿ ಇಡುತ್ತವೆ. ಟಿಪ್ಪಣಿಯಲ್ಲಿ ಒಂದನ್ನೇ ತೀರ್ಪಿನಂತೆ ಕೊಡಬೇಡಿ. ಕೊಡಲೇಬೇಕಿದ್ದರೆ ಎರಡನ್ನೂ, ಯಾರ ಮಾತು ಯಾವುದು ಎಂಬುದರ ಸಮೇತ ಕೊಡಿ. ನನ್ನ ಕೇಳಿದರೆ, ಪದ್ಯದ ಅರ್ಥಕ್ಕೆ ಬೇಕಿಲ್ಲದ ವ್ಯುತ್ಪತ್ತಿಯನ್ನು ಬಿಟ್ಟುಬಿಡುವುದೇ ಒಳ್ಳೆಯದು.

‘ಹೊಲೆಗಂಡು’ ಎಂಬ ಗುಂಡಿ

ಅದೇ ಪುಸ್ತಕದ ವಚನಗಳ ಭಾಗದಲ್ಲಿ ‘ಹೊಲೆಗಂಡಲ್ಲದೆ ಪಿಂಡದ ನೆಲೆಗಾಶ್ರಯವಿಲ್ಲ’ ಎಂದು ಶುರುವಾಗುವ ಬಸವಣ್ಣನವರ ವಚನ ಇತ್ತು. ಹಳೆಯ ಪ್ರತಿಯಲ್ಲಿ ಯಾರೋ ಶಾಯಿಯಲ್ಲಿ ‘ಹೊಲೆಯ ಗಂಡಸು’ ಎಂದು ಪಕ್ಕದಲ್ಲಿ ಬರೆದಿದ್ದರು. ತಪ್ಪು, ಆದರೆ ಸಹಜವಾದ ತಪ್ಪು. ಇಲ್ಲಿರುವುದು ಗಂಡು ಅಲ್ಲ, ‘ಕಂಡು’. ಹೊಲೆ ಮತ್ತು ಕಂಡು ಸೇರಿದಾಗ ಕಕಾರ ಗಕಾರವಾಗಿದೆ, ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದಂತೆ. ಹೊಲೆ ಎಂದರೆ ಇಲ್ಲಿ ಮುಟ್ಟು. ಮುಟ್ಟಾಗದ ಹೊರತು ಬಸಿರಿನ ಪಿಂಡಕ್ಕೆ ನೆಲೆಯಿಲ್ಲ ಎಂಬುದು ಸಾಲಿನ ಮಾತು.

ಇದನ್ನು ಬಿಡಿಸಿಕೊಂಡರೆ ವಚನದ ಜೀವ ಹಿಡಿತಕ್ಕೆ ಸಿಗುತ್ತದೆ. ಯಾವ ಹೊಲೆಯನ್ನು ಕಾರಣ ಮಾಡಿ ಹೆಂಗಸರನ್ನು ಹೊರಗೆ ಕೂರಿಸಿದರೋ, ಯಾವ ಮಾತಿನಿಂದ ಒಂದು ಸಮುದಾಯವನ್ನು ಊರ ಹೊರಗಿಟ್ಟರೋ, ಎಲ್ಲರೂ ಹುಟ್ಟಿದ್ದು ಅದರಿಂದಲೇ. ಅದಕ್ಕೇ ವಚನ ಮುಂದೆ ‘ಕಾಸಿ ಕಮ್ಮಾರನಾದ, ಬೀಸಿ ಮಡಿವಾಳನಾದ, ಹಾಸನಿಕ್ಕಿ ಸಾಲಿಗನಾದ, ವೇದವನೋದಿ ಹಾರುವನಾದ’ ಎಂದು ಕಸುಬುಗಳನ್ನು ಎಣಿಸಿ, ಕಿವಿಯಲ್ಲಿ ಹುಟ್ಟಿದವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತದೆ. ಭಜನೆಯಲ್ಲಿ ಮುಟ್ಟಿನ ಮಾತು ಬೇಡವೆಂದು ಮೊದಲ ಸಾಲನ್ನು ಬಿಟ್ಟು ‘ಕಾಸಿ ಕಮ್ಮಾರನಾದ’ದಿಂದ ಅಚ್ಚು ಹಾಕಿದ ಪುಸ್ತಕಗಳನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಕಿವಿಯ ಪ್ರಶ್ನೆ ಅನಾಥವಾಗುತ್ತದೆ, ಅದು ಕುಚೋದ್ಯದಂತೆ ಕೇಳಿಸುತ್ತದೆ.

ಇಲ್ಲಿ ಟಿಪ್ಪಣಿ: ‘ಹೊಲೆಗಂಡಲ್ಲದೆ: ಹೊಲೆ + ಕಂಡು + ಅಲ್ಲದೆ, ಮುಟ್ಟಾಗದೆ. ಮುಟ್ಟು, ಹೆರಿಗೆ, ಸಾವುಗಳಿಗೆ ಸಮಾಜ ಹಚ್ಚಿದ ಮೈಲಿಗೆಗೆ ಹೊಲೆ ಎಂಬ ಹೆಸರಿತ್ತು. ಎಲ್ಲರ ಹುಟ್ಟಿಗೂ ಅದೇ ಮೂಲವಾದ್ದರಿಂದ ಕುಲದ ಮೇಲುಕೀಳಿಗೆ ಆಧಾರವಿಲ್ಲ ಎಂಬುದು ವಾದ.’ ನಿಮ್ಮ ದನಿಯಲ್ಲಿ ಬರೆಯುವಾಗ ಮುಟ್ಟು ಎಂದೇ ಬರೆಯಿರಿ. ‘ಅಶುದ್ಧಿಯ ದಿನಗಳು’, ‘ಹೊರಗಾಗುವುದು’ ಎಂದರೆ ವಚನ ಕೆಡವಿದ ಗೋಡೆಯನ್ನು ಟಿಪ್ಪಣಿ ಮತ್ತೆ ಕಟ್ಟಿದಂತಾಗುತ್ತದೆ.

ಇದೇ ವಚನದಲ್ಲಿ ಇನ್ನೊಂದು ಪರೀಕ್ಷೆ ಇದೆ. ಬಹಳಷ್ಟು ಸಂಪಾದಕರು ಕಮ್ಮಾರ, ಮಡಿವಾಳ, ಸಾಲಿಗಗಳಿಗೆ ಟಿಪ್ಪಣಿ ಕೊಟ್ಟು ‘ಹಾರುವ’ವನ್ನು ಹಾಗೆಯೇ ಬಿಡುತ್ತಾರೆ. ಹಾರುವನೂ ಜಾತಿಯ ಹೆಸರೇ, ಬ್ರಾಹ್ಮಣನಿಗೆ ಇದ್ದ ಹಳೆಯ ಕನ್ನಡ ಪದ, ‘ಪಾರ್ವ’ದಿಂದ ಬಂದದ್ದು. ಮೇಲಿನವರಿಗೆ ಟಿಪ್ಪಣಿ ಬೇಡ, ಕೆಳಗಿನವರಿಗೆ ಬೇಕು ಎಂಬ ಲೆಕ್ಕ ಟಿಪ್ಪಣಿಯೊಳಗೂ ಜಾತಿಯನ್ನು ತರುತ್ತದೆ. ನಾಲ್ಕಕ್ಕೂ ಕೊಡಿ ಅಥವಾ ನಾಲ್ಕಕ್ಕೂ ಬಿಡಿ. ಕೊಡುವುದಾದರೆ ಸಾಲಿಗನನ್ನು ಸಾಲ ಮಾಡಿದವನೆಂದು ಬರೆದುಬಿಡಬೇಡಿ. ಅವನು ಹಾಸು ಇಟ್ಟು ನೇಯುವವನು.

ಹೆಸರಿಗೆ ಅಂಟಿದ ಗುರುತು

ಪದ್ಯದ ಒಳಗಿನ ಮಾತಿಗಿಂತ ತಲೆಬರಹದಲ್ಲಿರುವ ಹೆಸರು ಹೆಚ್ಚು ಕಾಡುತ್ತದೆ. ಸೂಳೆ ಸಂಕವ್ವೆಯವರ ಹೆಸರಿನಲ್ಲಿ ಸಿಕ್ಕಿರುವುದು ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ‘ಒತ್ತೆಯ ಹಿಡಿದು ಮತ್ತೊತ್ತೆಯ ಹಿಡಿಯೆ’ ಎಂದು ಅದು ಶುರುವಾಗುತ್ತದೆ. ಮಂಡಳಿಯವರು ತಲೆಬರಹದಲ್ಲಿ ಬರಿಯ ‘ಸಂಕವ್ವೆ’ ಸಾಕೆಂದರು. ಯೋಚಿಸಿದೆ. ಆ ವಿಶೇಷಣವನ್ನು ಅವರೇ ಇಟ್ಟುಕೊಂಡರೋ ಊರು ಇಟ್ಟಿತೋ ವಚನದಿಂದ ಗೊತ್ತಾಗುವುದಿಲ್ಲ. ಆದರೆ ಒತ್ತೆ ಎಂದರೆ ಗಿರಾಕಿ ಕೊಡುವ ಹಣ ಎಂಬುದು ತಿಳಿಯದೆ ವಚನ ಅರ್ಥವಾಗುವುದಿಲ್ಲ, ಮತ್ತು ಆ ಕಸುಬಿನ ಭಾಷೆಯನ್ನು ಆರಿಸಿಕೊಂಡವರು ಅವರೇ. ಕೊನೆಗೆ ತಲೆಬರಹವನ್ನು ಮೂಲಪಾಠದಲ್ಲಿ ಇದ್ದಂತೆ ಉಳಿಸಿ, ಹೆಸರಿನ ಬದಲು ‘ಒತ್ತೆ’ಗೆ ಟಿಪ್ಪಣಿ ಕೊಟ್ಟೆವು: ‘ಒತ್ತೆ: ಗಿರಾಕಿಯಿಂದ ಹಿಡಿಯುವ ಹಣ. ಒಬ್ಬರ ಒತ್ತೆ ಹಿಡಿದಿರುವಾಗ ಇನ್ನೊಬ್ಬರದನ್ನು ಹಿಡಿಯಬಾರದೆಂಬ ಕಸುಬಿನ ಕಟ್ಟಳೆಯನ್ನು ವಚನಕಾರ್ತಿ ತಮ್ಮ ನಿಷ್ಠೆಗೆ ಅಳತೆಗೋಲು ಮಾಡಿಕೊಂಡಿದ್ದಾರೆ.’ ಅಕಾರಾದಿಯಲ್ಲಿ ಮಾತ್ರ ಅವರನ್ನು ‘ಸ’ಕಾರದ ಸಂಕವ್ವೆ ಎಂದು ಇಟ್ಟು, ವಿಶೇಷಣವನ್ನು ಹಿಂದಕ್ಕೆ ಹಾಕಿದೆವು.

ಅಂಬಿಗರ ಚೌಡಯ್ಯನವರ ವಿಷಯದಲ್ಲಿ ಈ ಚರ್ಚೆಯೇ ಏಳುವುದಿಲ್ಲ. ಅವರ ವಚನ ಮುಗಿಯುವುದೇ ‘ಅಂಬಿಗ ಚೌಡಯ್ಯ’ ಎಂಬ ಸ್ವಂತ ಹೆಸರಿನಿಂದ. ಕಸುಬನ್ನು ಕಿತ್ತರೆ ಅಂಕಿತವೇ ಹೋಯಿತು.

ಇನ್ನು ನಿಮ್ಮ ಕ್ರಿಯಾಪದಗಳನ್ನು ನೋಡಿಕೊಳ್ಳಿ. ನನ್ನ ಕರಡಿನಲ್ಲೇ ‘ಬಸವಣ್ಣನವರು ಹೇಳುತ್ತಾರೆ’, ‘ದಾಸರು ಹಾಡಿದ್ದಾರೆ’, ‘ಚೌಡಯ್ಯ ಬೈಯುತ್ತಾನೆ’, ‘ಸಂಕವ್ವೆ ಹೇಳುತ್ತಾಳೆ’ ಎಂದಿತ್ತು. ಬರೆಯುವಾಗ ಗಮನಕ್ಕೇ ಬಂದಿರಲಿಲ್ಲ. ಬಹುವಚನ ಯಾರಿಗೆ, ಏಕವಚನ ಯಾರಿಗೆ ಎಂದು ಎಣಿಸಿದರೆ ಪುಸ್ತಕದ ಜಾತಿ, ಲಿಂಗ ಎರಡೂ ಹೊರಬೀಳುತ್ತವೆ. ಏಕವಚನವೇ ಆತ್ಮೀಯ ಎನ್ನುವವರು ಎಲ್ಲರಿಗೂ ಏಕವಚನ ಹಾಕಲಿ. ನಾನು ಎಲ್ಲರಿಗೂ ಬಹುವಚನ ಹಾಕಿದೆ. ಪೆನ್ಸಿಲ್ ಹಿಡಿದು ಬರಿಯ ಕ್ರಿಯಾಪದಗಳಿಗಾಗಿಯೇ ಇಡೀ ಪುಸ್ತಕವನ್ನು ಒಮ್ಮೆ ಓದುವುದು ಅರ್ಧ ದಿನದ ಕೆಲಸ.

ಅಚ್ಚಿಗೆ ಹೋಗುವ ಮೊದಲು

ಟಿಪ್ಪಣಿ ಅದೇ ಪುಟದ ಅಡಿಯಲ್ಲೇ ಇರಲಿ. ಭಜನೆ ಪುಸ್ತಕದ ಪುಟಗಳನ್ನು ಜನ ಜೆರಾಕ್ಸ್ ಮಾಡಿಸುತ್ತಾರೆ, ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ಕೊನೆಯ ಪುಟದ ಟಿಪ್ಪಣಿ ಜೊತೆಗೆ ಹೋಗುವುದಿಲ್ಲ. ಗುರುತಿನ ಪದ ಇರುವ ಸಾಲನ್ನು ರಕ್ಷಾಪುಟದಲ್ಲಾಗಲಿ, ಆಮಂತ್ರಣದಲ್ಲಾಗಲಿ ಒಂಟಿಯಾಗಿ ಎತ್ತಿ ಹಾಕಬೇಡಿ. ಪದ್ಯದ ಒಳಗೆ, ಟಿಪ್ಪಣಿಯ ಜೊತೆ ಇರುವ ಹೆಸರು ಪಾಠ; ಗೋಡೆಯ ಮೇಲೆ ಒಂಟಿಯಾಗಿ ನಿಂತ ಅದೇ ಹೆಸರು ಬೈಗುಳ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿಯ ಹೆಸರು ಹಿಡಿದು ಸಾರ್ವಜನಿಕವಾಗಿ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂಬುದನ್ನು ಮಂಡಳಿಯವರಿಗೆ ಹೇಳಿಬಿಡುವುದು ಒಳ್ಳೆಯದು. ಹಳೆಯ ಪಾಠಕ್ಕಿಂತ ನಿಮ್ಮ ಸ್ವಂತ ವಾಕ್ಯಗಳ ಬಗ್ಗೆ ಎಚ್ಚರ ಬೇಕಾದದ್ದು ಇಲ್ಲಿಯೇ.

ಹಾಡುವವರ ಸಂಕೋಚಕ್ಕೂ ದಾರಿ ಬೇಕಲ್ಲ. ಸಭೆಯಲ್ಲಿ ಒಂದು ಪದ ಹಾಡಲು ಬಾಯಿ ಬಾರದಿದ್ದರೆ ಆ ಪದವನ್ನು ಬಿಟ್ಟು ಇನ್ನೊಂದನ್ನು ಹಾಡಿ. ಪುಸ್ತಕದಲ್ಲಿ ಇರುವುದನ್ನೆಲ್ಲ ಹಾಡಲೇಬೇಕೆಂದು ಯಾರೂ ಹೇಳಿಲ್ಲ. ಹಾಡುವುದಾದರೆ ಪಾಠವನ್ನು ತಿದ್ದದೆ, ಮೊದಲು ಟಿಪ್ಪಣಿಯನ್ನು ಓದಿ ಹಾಡಿ.

ಕೊನೆಯದಾಗಿ, ಟಿಪ್ಪಣಿಗಳನ್ನು ಆ ಹೆಸರು ಹೊತ್ತವರ ಕೈಗೆ ಕೊಟ್ಟು ಓದಿಸಿ. ಒಪ್ಪಿಗೆಯ ಮುದ್ರೆ ಹಾಕಿಸಿಕೊಳ್ಳಲು ಅಲ್ಲ, ತಪ್ಪು ಹಿಡಿಸಲು. ನಾನು ಕೊಟ್ಟದ್ದು ನಿವೃತ್ತ ಕನ್ನಡ ಅಧ್ಯಾಪಕರೊಬ್ಬರಿಗೆ, ಆ ಸಮುದಾಯದವರೇ. ಹೊಲೆಗಂಡಿನ ಟಿಪ್ಪಣಿಗೆ ತಲೆಯಾಡಿಸಿದರು. ದಾಸರ ಪದದ ಟಿಪ್ಪಣಿಯ ಮೇಲೆ ಬೆರಳಿಟ್ಟು ನಿಂತರು.

‘ಇಡಲಾಗಿತ್ತು ಎಂದು ಬರೆದಿದ್ದೀರಿ. ಇಟ್ಟವರು ಯಾರು, ಸ್ವಾಮಿ?’

ಎರಡನೆಯ ಕರಡಿನಲ್ಲಿ ಸಿಡಿದಿದ್ದ ಖೇದವನ್ನೆಲ್ಲ ಮೂರನೆಯದರಲ್ಲಿ ಹಿಸುಕಿ ತೆಗೆಯುವಾಗ ಕರ್ತೃವನ್ನೂ ತೆಗೆದುಹಾಕಿದ್ದೆ. ಅಲ್ಲೇ ಮೇಜಿನ ಮೇಲೆ ತಿದ್ದಿದೆವು: ‘ಅಸ್ಪೃಶ್ಯತೆಯನ್ನು ಆಚರಿಸುತ್ತಿದ್ದ ಊರಿನವರು ಈ ಸಮುದಾಯದವರ ಕೇರಿಯನ್ನು ಊರ ಹೊರಗೆ ಇಟ್ಟಿದ್ದರು.’ ಒಂದು ಪದ ಹೆಚ್ಚಾಯಿತು. ಟಿಪ್ಪಣಿ ಒಂದು ಸಾಲು ಬೆಳೆದು, ಪುಟದ ಕೊನೆಯ ನುಡಿಯನ್ನು ಮುಂದಿನ ಪುಟಕ್ಕೆ ತಳ್ಳಿತು.